ಕಲಬುರಗಿಯ ಬೇಸಿಗೆ, ಮೇಲ್ಮಹಡಿಯ ಕೋಣೆ ಮತ್ತು ಒಂದು ಏಸಿ

ಹವಾನಿಯಂತ್ರಕವನ್ನು ಕೊಂಡ ವಾರದೊಳಗೆ ಬರೆಯುವ ಅಭಿಪ್ರಾಯಕ್ಕೂ, ಮಾರ್ಚಿನಿಂದ ಜೂನ್‌ವರೆಗೆ ಅದನ್ನು ರಾತ್ರಿಯ ಹೊತ್ತು ಓಡಿಸಿದ ಮೇಲೆ ಬರೆಯುವ ಅಭಿಪ್ರಾಯಕ್ಕೂ ಬಹಳ ಅಂತರವಿರುತ್ತದೆ. ಮೊದಲನೆಯದು ಯಂತ್ರದ ಕುರಿತು ಮಾತ್ರ ಹೇಳಬಲ್ಲದು. ಎರಡನೆಯದು ಯಂತ್ರ, ಅದು ಕೂತ ಕೋಣೆ, ಅದನ್ನು ಕೂರಿಸಿದ ಕೈ ಈ ಮೂರರ ಕುರಿತೂ ಹೇಳಬೇಕಾಗುತ್ತದೆ. 2025ರ ಬೇಸಿಗೆಯಲ್ಲಿ ಕಲಬುರಗಿಯ ಒಂದು ಮನೆಯಲ್ಲಿ ಬಳಸಿದ ಒಂದೂವರೆ ಟನ್ನಿನ ಇನ್ವರ್ಟರ್ ಏಸಿಯ ಅನುಭವವು ಇಲ್ಲಿನ ಆಧಾರವಾಗಿದ್ದು, ಆ ಯಂತ್ರದ ಹೆಸರಾಗಲಿ ಅದನ್ನು ಮಾರಿದವರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಮನೆಯವರಿಗೆ ಮನದಟ್ಟಾದ ಸಂಗತಿಯೆಂದರೆ, ತಂಪು, ಬಿಲ್ಲು, ಸದ್ದು ಈ ಮೂರೂ ದೂರುಗಳ ಮೂಲ ಹೆಚ್ಚಾಗಿ ಯಂತ್ರದೊಳಗೆ ಇರಲಿಲ್ಲ. ಕೋಣೆಯ ಛಾವಣಿಯಲ್ಲಿಯೂ ಅಳವಡಿಕೆಯ ದಿನ ಅವಸರದಲ್ಲಿ ಮುಗಿದ ಕೆಲಸದಲ್ಲಿಯೂ ಇತ್ತು.

ಏಸಿ ಕೂತದ್ದು ಮೇಲ್ಮಹಡಿಯ ಮಲಗುವ ಕೋಣೆಯಲ್ಲಿ. ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಎತ್ತರದ ಆ ಕೋಣೆಗೆ ಕೆಳಗೆ ಶಹಾಬಾದಿ ಫರಸಿ, ಮೇಲೆ ಐದು ಇಂಚಿನ ಕಾಂಕ್ರೀಟ್ ಛಾವಣಿ, ಪಶ್ಚಿಮಕ್ಕೆ ಒಂದು ಬಯಲು ಗೋಡೆ. ಅಂಗಡಿಯಲ್ಲಿ ಹೇಳುವ ಲೆಕ್ಕದಂತೆ ಇಷ್ಟು ವಿಸ್ತೀರ್ಣಕ್ಕೆ ಒಂದೂವರೆ ಟನ್ ಧಾರಾಳವಾಗಿ ಸಾಕು. ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ; ಒಂದು ಟನ್ ಎಂದರೆ ಪ್ರತಿ ಕ್ಷಣ ಸುಮಾರು ಮೂರೂವರೆ ಕಿಲೋವ್ಯಾಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಸಾಗಿಸುವ ಸಾಮರ್ಥ್ಯ, ಒಂದೂವರೆ ಟನ್ ಎಂದರೆ ಐದು ಕಿಲೋವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಈ ಸಾಮರ್ಥ್ಯವನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಹೊರಗಿನ ಗಾಳಿಯನ್ನು 35 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿರುತ್ತಾರೆ. ಮೇ ತಿಂಗಳ ಕಲಬುರಗಿಯಲ್ಲಿ ನಡುಹಗಲಿನ ಉಷ್ಣತೆ 42 ಡಿಗ್ರಿ ಮುಟ್ಟುವುದು ಮಾಮೂಲು. ಹೊರಗಿನ ಗಾಳಿ ಬಿಸಿಯಾದಷ್ಟೂ ಅದೇ ಗಾಳಿಗೆ ಶಾಖವನ್ನು ಸುರಿಯುವುದು ಯಂತ್ರಕ್ಕೆ ಕಷ್ಟವಾಗುವುದರಿಂದ ಸಾಮರ್ಥ್ಯ ಇಳಿಯುತ್ತದೆ, ವಿದ್ಯುತ್ ಬಳಕೆ ಏರುತ್ತದೆ. ಐವತ್ತು ಡಿಗ್ರಿಯಲ್ಲಿಯೂ ಓಡುತ್ತದೆ ಎಂಬ ಜಾಹೀರಾತಿನ ಮಾತನ್ನು ಯಂತ್ರ ನಿಂತುಹೋಗುವುದಿಲ್ಲ ಎಂಬ ಅರ್ಥದಲ್ಲಿ ಮಾತ್ರ ತೆಗೆದುಕೊಳ್ಳಬೇಕೇ ಹೊರತು, ಆಗಲೂ ಪೂರ್ತಿ ಒಂದೂವರೆ ಟನ್ ತಂಪು ಸಿಗುತ್ತದೆ ಎಂದಲ್ಲ.

ಹಗಲಿನ ತಂಪಿನ ವಿಷಯದಲ್ಲಿ ಆ ಮನೆಯವರಿಗೆ ಹೆಚ್ಚಿನ ದೂರಿರಲಿಲ್ಲ. ನಿಜಕ್ಕೂ ತಲೆನೋವಾದದ್ದು ರಾತ್ರಿ ಒಂಬತ್ತರ ಹೊತ್ತು. ಸೂರ್ಯ ಮುಳುಗಿ ಎರಡು ಗಂಟೆ ಕಳೆದು, ಅಂಗಳದಲ್ಲಿ ಗಾಳಿ ಸಹನೀಯವಾಗಿದ್ದರೂ, ಆ ಕೋಣೆಯಲ್ಲಿ ಏಸಿ 24ಕ್ಕೆ ಇಟ್ಟು ಮುಕ್ಕಾಲು ಗಂಟೆಯಾದ ಮೇಲೂ ಮಂಚದ ಮೇಲೆ ಮಲಗಿದವರಿಗೆ ಮುಖದ ಮೇಲೆ ಝಳ ಬಡಿದಂತೆ ಅನಿಸುತ್ತಿತ್ತು. ಗೋಡೆಗೆ ತೂಗುಹಾಕಿದ ಉಷ್ಣಮಾಪಕ 26 ತೋರಿಸುತ್ತಿದ್ದರೆ, ಛಾವಣಿಯ ಒಳಮೈಗೆ ತಾಗಿಸಿ ಅಂಟಿಸಿದ ಇನ್ನೊಂದು ಮಾಪಕ 40ರ ಆಸುಪಾಸಿನಲ್ಲಿತ್ತು. ಕಾಂಕ್ರೀಟ್ ಛಾವಣಿ ಹಗಲೆಲ್ಲ ಬಿಸಿಲನ್ನು ಕುಡಿದು ಆ ಶಾಖವನ್ನು ಕೆಳಮೈಗೆ ತಲುಪಿಸಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಹೀಗಾಗಿ ರೊಟ್ಟಿ ಮುಗಿದು ಒಲೆಯಿಂದ ಇಳಿಸಿಟ್ಟ ಹಂಚಿನಂತೆ, ಕಾಯಿಸುವ ಬೆಂಕಿ ಆರಿದ ಮೇಲೂ ಅದರ ಕಾವು ಬಹಳ ಹೊತ್ತು ಉಳಿಯುತ್ತದೆ. ಈ ಕಾವು ಗಾಳಿಯ ಮೂಲಕ ಮಾತ್ರವಲ್ಲದೆ ವಿಕಿರಣದ ಮೂಲಕವೂ, ಅಂದರೆ ಬಿಸಿ ಮೈಯಿಂದ ಎದುರಿನ ಮೈಗೆ ನೇರವಾಗಿಯೂ ಬರುವುದರಿಂದ, ಗಾಳಿ ತಂಪಾದರೂ ಮಲಗಿದವರಿಗೆ ಸೆಕೆ ತಪ್ಪುವುದಿಲ್ಲ. ಅಷ್ಟು ವಿಸ್ತೀರ್ಣದ ಛಾವಣಿಯ ಒಳಮೈ 40 ಡಿಗ್ರಿಯಲ್ಲಿದ್ದು ಕೋಣೆ 26ರಲ್ಲಿದ್ದರೆ, ಸ್ಥೂಲ ಲೆಕ್ಕದಲ್ಲಿ ಛಾವಣಿಯೊಂದರಿಂದಲೇ ಒಂದೂವರೆ ಕಿಲೋವ್ಯಾಟ್‌ನಷ್ಟು ಶಾಖ ಒಳಗೆ ಸುರಿಯುತ್ತದೆ. ಎಂದರೆ ಕೊಂಡ ಒಂದೂವರೆ ಟನ್ನಿನಲ್ಲಿ ಅರ್ಧ ಟನ್ನಿಗೆ ಹತ್ತಿರದ ಪಾಲು ಛಾವಣಿಯನ್ನು ಸಂತೈಸುವುದಕ್ಕೇ ಹೋಗುತ್ತದೆ.

ಇಂಥ ಸ್ಥಿತಿಯಲ್ಲಿ ಬಹುಮಂದಿ ರಿಮೋಟನ್ನು 18ಕ್ಕೆ ಇಳಿಸುತ್ತಾರೆ. ಅದರಿಂದ ಕೋಣೆ ಬೇಗ ತಂಪಾಗುವುದಿಲ್ಲ. ಕೋಣೆ 30ರಲ್ಲಿರುವಾಗ ಗುರಿಯನ್ನು 24ಕ್ಕೆ ಇಟ್ಟರೂ 18ಕ್ಕೆ ಇಟ್ಟರೂ ಇನ್ವರ್ಟರ್ ಯಂತ್ರ ಹೆಚ್ಚುಕಡಿಮೆ ತನ್ನ ಪೂರ್ಣ ವೇಗದಲ್ಲಿಯೇ ಓಡುತ್ತಿರುತ್ತದೆ. ವ್ಯತ್ಯಾಸ ಬರುವುದು ಗುರಿ ಸಮೀಪಿಸಿದ ಮೇಲೆ. ಇನ್ವರ್ಟರ್ ಎಂದರೆ ಕಂಪ್ರೆಸರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಏರಿಳಿಸುವ ವ್ಯವಸ್ಥೆಯಾದ್ದರಿಂದ, 24 ಅಥವಾ 25ರ ಗುರಿ ಮುಟ್ಟಿದ ಯಂತ್ರ ನಿಧಾನಕ್ಕಿಳಿದು ಅರ್ಧ ಕಿಲೋವ್ಯಾಟ್‌ನ ಸುತ್ತ ಓಡಿಕೊಂಡಿರುತ್ತದೆ. 18ರ ಗುರಿಯಿದ್ದರೆ ಅದು ಎಂದಿಗೂ ಮುಟ್ಟದ ಗುರಿಯ ಬೆನ್ನುಹತ್ತಿ ಬೆಳಗಿನವರೆಗೂ ದುಡಿಯುತ್ತದೆ. 2020ರಿಂದ ಭಾರತದಲ್ಲಿ ಮಾರಾಟವಾಗುವ ಕೋಣೆಯ ಏಸಿಗಳು ಮೊದಲ ಬಾರಿ ಚಾಲೂ ಮಾಡಿದಾಗ 24ರಲ್ಲಿಯೇ ತೊಡಗಬೇಕೆಂಬ ನಿಯಮ ಬಂದದ್ದರ ಹಿಂದಿನ ತರ್ಕವೂ ಇದೇ. ಕಲಬುರಗಿಯ ಒಣ ಬೇಸಿಗೆಯಲ್ಲಿ 26ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ಸಣ್ಣಗೆ ತಿರುಗಿಸಿದರೆ ಸಾಕೆಂದು ಆ ಮನೆಯವರು ಕಂಡುಕೊಂಡರು, ಆದರೆ ಅದು ಛಾವಣಿಯ ಕಾವು ತಗ್ಗಿದ ಮೇಲಿನ ಮಾತು.

ಛಾವಣಿಗೆ ಮಾಡಿದ ಉಪಾಯ ಹಳೆಯದೇ. ಮೇ ಮೊದಲ ವಾರದಲ್ಲಿ ಮಾಳಿಗೆಯನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಲಾಯಿತು. ಬಿಳಿಯ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎರಚುವುದರಿಂದ, ಅದೇ ಹೊತ್ತಿಗೆ ಅಳೆದ ಛಾವಣಿಯ ಒಳಮೈಯ ಉಷ್ಣತೆ ನಾಲ್ಕೈದು ಡಿಗ್ರಿ ಇಳಿಯಿತು, ಏಸಿಯ ರಾತ್ರಿಯ ಬಳಕೆಯೂ ಒಂದು ಯೂನಿಟ್‌ಗಿಂತ ಹೆಚ್ಚೇ ತಗ್ಗಿತು. ಮೊದಲ ದೊಡ್ಡ ಮಳೆಗೆ ಸುಣ್ಣ ಅರ್ಧ ತೊಳೆದುಹೋಗುತ್ತದೆ, ಧೂಳು ಕೂತರೆ ಮಾಸುತ್ತದೆ. ಬಿಸಿಲು ತಡೆಯುವ ಬಿಳಿ ಬಣ್ಣಗಳು ಇದಕ್ಕಿಂತ ಹೆಚ್ಚು ಕಾಲ ಬಾಳಿದರೂ ಬೆಲೆ ಹಲವು ಪಟ್ಟು. ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು: ಒಣ ಹವೆಯ ಈ ಭಾಗದಲ್ಲಿ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನೀರಿನ ಕೂಲರ್ ಏಸಿಗೆ ಬಹಳ ಹಿಂದೆ ಬೀಳುವುದಿಲ್ಲ. ಗಾಳಿಯ ತೇವ ಐದರಲ್ಲೊಂದು ಪಾಲಿನಷ್ಟಿರುವಾಗ 42 ಡಿಗ್ರಿಯ ಗಾಳಿ ಒದ್ದೆ ಪ್ಯಾಡಿನ ಮೂಲಕ ಹಾದು 28ರ ಆಸುಪಾಸಿಗೆ ಇಳಿಯಬಲ್ಲದು, ಅದೂ ಇನ್ನೂರು ವ್ಯಾಟ್‌ನಷ್ಟು ವಿದ್ಯುತ್ತಿನಲ್ಲಿ. ಆದರೆ ದೊಡ್ಡ ಕೂಲರ್ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ನೀರು ಬೇಡುತ್ತದೆ, ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಿಗೆ ಅದು ಸಣ್ಣ ಮಾತಲ್ಲ. ಜೂನಿನಲ್ಲಿ ತೇವ ಏರಿದೊಡನೆ ಕೂಲರ್ ಬರಿಯ ಒದ್ದೆ ಫ್ಯಾನ್ ಆಗುತ್ತದೆ.

ಇನ್ನು ಅಳವಡಿಕೆ. ಏಸಿಯ ಸಾಲಿಗೆ ಒಂದು ಪ್ರತ್ಯೇಕ ಸಬ್‌ಮೀಟರ್, ಅಂದರೆ ಆ ಒಂದು ಯಂತ್ರದ ಬಳಕೆಯನ್ನಷ್ಟೇ ಎಣಿಸುವ ಸಣ್ಣ ಮೀಟರ್ ಕೂರಿಸಿದ್ದರಿಂದ ಈ ಕತೆ ಹೊರಬಂದಿತು. ಇಲ್ಲದಿದ್ದರೆ ಬಿಸಿಲು ಹೆಚ್ಚಾಯಿತು, ಬಿಲ್ಲೂ ಹೆಚ್ಚಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಮಾರ್ಚಿನಲ್ಲಿ ಒಂದು ರಾತ್ರಿಗೆ ಸುಮಾರು ನಾಲ್ಕೂವರೆ ಯೂನಿಟ್ ತಿನ್ನುತ್ತಿದ್ದ ಯಂತ್ರ, ಏಪ್ರಿಲ್ ನಡುವಿಗೆ ಎಂಟು ಯೂನಿಟ್ ದಾಟಿತು. ಹೊರಗಿನ ಉಷ್ಣತೆ ಏರಿದ್ದು ಮೂರು ನಾಲ್ಕು ಡಿಗ್ರಿ ಮಾತ್ರ. ಬಳಕೆ ಎರಡು ಪಟ್ಟಿನ ಹತ್ತಿರ ಹೋಗಲು ಅದು ಸಾಲದು. ಕೋಣೆಯ ತಂಪಿನಲ್ಲಿ ಮಾತ್ರ ಆಗ ಎದ್ದು ಕಾಣುವ ಕೊರತೆಯಿರಲಿಲ್ಲ. ಇನ್ವರ್ಟರ್ ಯಂತ್ರದ ಗುಣವೂ ದೋಷವೂ ಇಲ್ಲಿಯೇ ಇದೆ. ಹಳೆಯ ಒಂದೇ ವೇಗದ ಯಂತ್ರದಲ್ಲಿ ಅನಿಲ ಕಡಿಮೆಯಾದರೆ ತಂಪು ತಕ್ಷಣ ತಗ್ಗುತ್ತಿತ್ತು, ಮನೆಯವರು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದರು. ಇನ್ವರ್ಟರ್ ಯಂತ್ರವೋ ಕೊರತೆಯನ್ನು ಮುಚ್ಚಿಹಾಕಲು ಕಂಪ್ರೆಸರಿನ ವೇಗವನ್ನು ಏರಿಸಿಕೊಳ್ಳುತ್ತದೆ, ಆದ್ದರಿಂದ ರೋಗ ಮೊದಲು ಮೀಟರಿನಲ್ಲಿ ಕಾಣಿಸಿಕೊಂಡು ಆಮೇಲೆ ಕೋಣೆಗೆ ಬರುತ್ತದೆ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಯಂತ್ರವನ್ನು ಪೂರ್ಣ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಒಳಘಟಕದ ಮೇಲ್ಭಾಗದಲ್ಲಿ ಅದು ಎಳೆದುಕೊಳ್ಳುವ ಗಾಳಿಯ ಉಷ್ಣತೆಯನ್ನೂ ಕೆಳಗಿನ ಬಾಯಿಂದ ಊದುವ ಗಾಳಿಯ ಉಷ್ಣತೆಯನ್ನೂ ಅಳೆದು ನೋಡಬೇಕು. ಮಾರ್ಚಿನಲ್ಲಿ ಈ ಎರಡರ ನಡುವಿನ ಅಂತರ ಹದಿಮೂರು ಡಿಗ್ರಿಯಿತ್ತು, ಏಪ್ರಿಲ್ ನಡುವಿನಲ್ಲಿ ಎಂಟಕ್ಕೆ ಇಳಿದಿತ್ತು. ಫಿಲ್ಟರ್‌ನಲ್ಲಿ ಧೂಳು ಕಟ್ಟಿದರೂ ಯಂತ್ರ ಹೆಚ್ಚು ದುಡಿಯಬೇಕಾಗುತ್ತದೆ, ಆದರೆ ಆಗ ಗಾಳಿಯ ಹರಿವು ಕ್ಷೀಣಿಸುತ್ತದೆ, ಅಂತರ ಸಾಮಾನ್ಯವಾಗಿ ಇಳಿಯುವ ಬದಲು ಏರುತ್ತದೆ. ಇಲ್ಲಿ ಹರಿವು ಚೆನ್ನಾಗಿಯೇ ಇದ್ದು ಅಂತರ ಇಳಿದಿದ್ದರಿಂದ ಸಂಶಯ ಅನಿಲದ ಮೇಲೆ ಹೋಯಿತು. ಹೊರಘಟಕದ ಪಕ್ಕಕ್ಕೆ ಬಂದು ನೋಡಿದಾಗ ಎರಡು ತಾಮ್ರದ ಕೊಳವೆಗಳಲ್ಲಿ ಸಣ್ಣದರ ಕವಾಟದ ಮೇಲೆ ಬಿಳಿಯ ಹಿಮ ಕಟ್ಟಿತ್ತು, ದಪ್ಪನೆಯದರ ನಟ್ಟಿನ ಕೆಳಗೆ ಧೂಳು ಹಿಡಿದ ಎಣ್ಣೆಯ ಕಲೆಯೊಂದು ಹರಡಿತ್ತು. ಅನಿಲದ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುವುದರಿಂದ ಸೋರುವ ಜಾಗದಲ್ಲಿ ಅನಿಲ ಹಾರಿಹೋಗಿ ಎಣ್ಣೆ ಉಳಿದುಕೊಳ್ಳುತ್ತದೆ. ಕಲಬುರಗಿಯ ಧೂಳು ಅದರ ಮೇಲೆ ಕೂತು ಕಲೆಯನ್ನು ಎದ್ದು ತೋರಿಸುತ್ತದೆ. ಸೋಪಿನ ನೊರೆ ಹಚ್ಚಿದಾಗ ಆ ಜಾಗದಲ್ಲಿ ಸಣ್ಣ ಗುಳ್ಳೆಗಳು ನಿಧಾನವಾಗಿ ಏಳತೊಡಗಿದವು.

ಆ ಜಾಗಕ್ಕೆ ಫ್ಲೇರ್ ಜೋಡಣೆ ಎನ್ನುತ್ತಾರೆ. ತಾಮ್ರದ ಕೊಳವೆಯ ತುದಿಯನ್ನು ಒಂದು ಉಪಕರಣದಿಂದ ಕಹಳೆಯ ಬಾಯಿಯಂತೆ ಅರಳಿಸಿ, ಹಿತ್ತಾಳೆಯ ನಟ್ಟಿನಿಂದ ಕವಾಟದ ಶಂಕುವಿಗೆ ಬಿಗಿಯುವ ಕ್ರಮ ಅದು. ಕೊಳವೆಯನ್ನು ಕತ್ತರಿಸಿದ ಮೇಲೆ ಒಳಅಂಚಿನ ತರಿಯನ್ನು ಕೆರೆದು ತೆಗೆಯದಿದ್ದರೆ ಅರಳಿದ ಬಾಯಿಯಲ್ಲಿ ಕೂದಲೆಳೆಯ ಸೀಳು ಉಳಿಯುತ್ತದೆ, ಬಿಗಿ ಕಡಿಮೆಯಾದರೆ ಸೋರುತ್ತದೆ, ಅತಿಯಾದರೆ ತಾಮ್ರ ತೆಳುವಾಗಿ ಬಿರಿಯುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ಅಳೆಯುವ ಟಾರ್ಕ್ ಪಾನಾ ಇದ್ದರೂ ಅಳವಡಿಸಲು ಬರುವ ಹುಡುಗರ ಚೀಲದಲ್ಲಿ ಅದು ಕಾಣುವುದು ಅಪರೂಪ. ಬೇಸಿಗೆಯ ಆರಂಭದಲ್ಲಿ ದಿನಕ್ಕೆ ಐದಾರು ಮನೆಗಳಿಗೆ ಓಡುವ, ಮನೆಗೆ ಇಷ್ಟು ಎಂದು ಕೂಲಿ ಪಡೆಯುವ ಅವರನ್ನು ಪೂರ್ತಿ ದೂರುವುದೂ ನ್ಯಾಯವಲ್ಲ.

ಇನ್ನೊಂದು ಲೋಪ ಇದಕ್ಕಿಂತ ಗಂಭೀರವಾದದ್ದು. ಕೊಳವೆಗಳನ್ನು ಜೋಡಿಸಿದ ಮೇಲೆ ಒಳಗೆ ಉಳಿದ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಹೀರಿ ತೆಗೆಯಬೇಕು. ಒತ್ತಡ ಸಾಕಷ್ಟು ಇಳಿದಾಗ ಒಳಗಿನ ನೀರಿನ ಅಂಶ ಕೋಣೆಯ ಉಷ್ಣತೆಯಲ್ಲಿಯೇ ಆವಿಯಾಗಿ ಹೊರಗೆ ಬರುತ್ತದೆ; ಇದಕ್ಕೆ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಬೇಕಾಗುತ್ತದೆ, ಆಮೇಲೆ ಪಂಪನ್ನು ನಿಲ್ಲಿಸಿ ಮುಳ್ಳು ಹಿಂದಕ್ಕೆ ಏರುತ್ತದೆಯೇ ಎಂದು ಹತ್ತು ನಿಮಿಷ ಕಾದು ನೋಡಿದರೆ ಸೋರಿಕೆಯೂ ಅಲ್ಲಿಯೇ ಬಯಲಾಗುತ್ತದೆ. ಈ ಮನೆಯಲ್ಲಿ ಪಂಪು ಗಾಡಿಯಿಂದ ಇಳಿಯಲೇ ಇಲ್ಲ. ಹೊರಘಟಕದಲ್ಲಿ ಮೊದಲೇ ತುಂಬಿರುವ ಅನಿಲವನ್ನು ಕ್ಷಣಕಾಲ ಬಿಟ್ಟು, ಅದು ಗಾಳಿಯನ್ನು ದೂಡಿಕೊಂಡು ಹೊರಗೆ ಬಂದಿತೆಂದು ನಟ್ಟು ಬಿಗಿದು ಮುಗಿಸಲಾಗಿತ್ತು. ಹೀಗೆ ಮಾಡಿದಾಗ ಸ್ವಲ್ಪ ಅನಿಲ ಮೊದಲ ದಿನವೇ ನಷ್ಟವಾಗುತ್ತದೆ, ಉಳಿದ ಗಾಳಿ ದ್ರವವಾಗದೆ ಕೊಳವೆಗಳಲ್ಲಿ ಜಾಗ ಹಿಡಿದು ಒತ್ತಡವನ್ನೂ ವಿದ್ಯುತ್ತನ್ನೂ ಹೆಚ್ಚಿಸುತ್ತದೆ, ತೇವವು ಎಣ್ಣೆಯೊಂದಿಗೆ ಸೇರಿ ನಿಧಾನವಾಗಿ ಆಮ್ಲವಾಗುತ್ತದೆ. ಇಂದಿನ ಹೆಚ್ಚಿನ ಯಂತ್ರಗಳಲ್ಲಿರುವ ಆರ್-32 ಎಂಬ ಅನಿಲ ಅಲ್ಪಮಟ್ಟಿಗೆ ಬೆಂಕಿ ಹಿಡಿಯುವಂಥದ್ದು ಕೂಡ ಆಗಿರುವುದರಿಂದ ಅದನ್ನು ಹೀಗೆ ಗಾಳಿಗೆ ಬಿಡುವ ಪದ್ಧತಿ ಎರಡು ಸಲ ತಪ್ಪು.

ದೂರು ಕೊಟ್ಟಾಗ ಬಂದ ಮೊದಲ ಮೆಕ್ಯಾನಿಕ್ ಒತ್ತಡ ನೋಡಿ, "ಗ್ಯಾಸ್ ಕಡಿಮಿ ಆಗ್ಯಾದ್ರಿ, ತುಂಬಿದ್ರ ಸರಿ ಹೋಗ್ತದ್ರಿ" ಎಂದ. ಹೆಚ್ಚಿನ ಮನೆಗಳಲ್ಲಿ ಮಾತು ಇಲ್ಲಿಗೆ ಮುಗಿದು, ಮುಂದಿನ ವರ್ಷ ಅದೇ ಕೆಲಸಕ್ಕೆ ಅದೇ ಹಣ ಮತ್ತೆ ತೆರಬೇಕಾಗುತ್ತದೆ. ಏಸಿಯ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವ ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮನೆಯವರು ನೊರೆಯ ಗುಳ್ಳೆಗಳನ್ನು ತೋರಿಸಿ ಪಟ್ಟು ಹಿಡಿದ ಮೇಲೆ ಎರಡನೆಯ ಬಾರಿ ಬಂದವರು ಉಳಿದ ಅನಿಲವನ್ನು ತೆಗೆದು, ಕೊಳವೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಅರಳಿಸಿ, ಪಂಪು ಓಡಿಸಿ, ಯಂತ್ರದ ಮೈಮೇಲಿನ ಫಲಕದಲ್ಲಿ ನಮೂದಾಗಿರುವಷ್ಟು ಗ್ರಾಂ ಅನಿಲವನ್ನು ತಕ್ಕಡಿಯ ಮೇಲೆ ತೂಗಿ ತುಂಬಿದರು. ಇಡೀ ಕೆಲಸಕ್ಕೆ ಎರಡು ಗಂಟೆಯಷ್ಟು ಹಿಡಿಯಿತು. ಆ ರಾತ್ರಿಯಿಂದ ಬಳಕೆ ಆರೂವರೆ ಯೂನಿಟ್‌ಗೆ ಇಳಿಯಿತು, ಹೊರಗೆ ಬಿಸಿಲು ಮತ್ತಷ್ಟು ಏರಿದ್ದರೂ. ಮೇಲೆ ಹೇಳಿದ ಸುಣ್ಣ ಬಳಿದ ನಂತರ ಐದರ ಆಸುಪಾಸಿನಲ್ಲಿ ನಿಂತಿತು.

ಅದೇ ಭೇಟಿಯಲ್ಲಿ ಹೊರಘಟಕದ ದಿಕ್ಕನ್ನೂ ಬದಲಿಸಲಾಯಿತು. ಮಾಳಿಗೆಯ ಮೇಲೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ಕೂತಿದ್ದ ಅದರ ಫ್ಯಾನು ಮೂರಡಿ ಎತ್ತರದ ಕೈಪಿಡಿ ಗೋಡೆಗೆ ಎರಡಡಿ ದೂರದಿಂದ ಮುಖ ಮಾಡಿತ್ತು. ಊದಿದ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಹಿಂಬದಿಯಿಂದ ಮತ್ತೆ ಒಳಕ್ಕೆ ಹೋಗುತ್ತಿತ್ತು. ನೆರಳಿನಲ್ಲಿ 42 ಇರುವಾಗ ಘಟಕದ ಬೆನ್ನ ಹಿಂದೆ ಹಿಡಿದ ಮಾಪಕ 47 ತೋರಿಸಿದ್ದು ಇದಕ್ಕೆ ಸಾಕ್ಷಿ. ಬೆನ್ನಿಗೆ ಒಂದಡಿ ಜಾಗ ಬಿಟ್ಟು ಮುಖವನ್ನು ಬಯಲಿಗೆ ತಿರುಗಿಸಿದ್ದರಿಂದ ಆ ಐದು ಡಿಗ್ರಿಯ ದಂಡ ತಪ್ಪಿತು.

ಬಿಲ್ಲಿನ ವಿಷಯ ಕರ್ನಾಟಕದಲ್ಲಿ ಬೇರೆಯೇ ಲೆಕ್ಕ ಬೇಡುತ್ತದೆ, ಏಕೆಂದರೆ ಇಲ್ಲಿ ಏಸಿಯ ಖರ್ಚು ಎಂದರೆ ಏಸಿ ತಿಂದ ಯೂನಿಟ್‌ಗಳ ಬೆಲೆ ಮಾತ್ರವಲ್ಲ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯ ಪ್ರಕಾರ, ಒಂದು ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ ಹತ್ತನ್ನು ಸೇರಿಸಿ ಉಚಿತ ಮಿತಿಯನ್ನು ಗೊತ್ತುಮಾಡಲಾಗುತ್ತದೆ; ತಿಂಗಳ ಬಳಕೆ ಆ ಮಿತಿಯನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ, 200 ದಾಟಿದರೆ ಇಡೀ ಬಿಲ್ಲು ಮನೆಯವರದೇ. ಈ ಮನೆಯ ಉಚಿತ ಮಿತಿ 132 ಯೂನಿಟ್, ಏಸಿ ಹೊರತಾದ ಬಳಕೆ 130ರ ಸುತ್ತಮುತ್ತ, ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್. 2025ರ ಏಪ್ರಿಲ್‌ನಿಂದ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ, ವಿದ್ಯುತ್ ತೆರಿಗೆ ಶೇಕಡಾ 9 ಇದ್ದವು. ಎಲ್ಲ ಕೂಡಿದರೆ ಯೂನಿಟ್‌ಗೆ ಸುಮಾರು 6.68 ರೂಪಾಯಿ, ಜೊತೆಗೆ ಪ್ರತಿ ಕಿಲೋವ್ಯಾಟ್ ಲೋಡಿಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಈ ಲೆಕ್ಕದಲ್ಲಿ ಬಿಡಲಾಗಿದೆ.

ಏಸಿ 200 ಯೂನಿಟ್ ತಿಂದು ಒಟ್ಟು ಬಳಕೆ 330 ಆದ ಏಪ್ರಿಲ್ ತಿಂಗಳನ್ನು ತೆಗೆದುಕೊಂಡರೆ, ಬಿಲ್ಲು ಸುಮಾರು 2,640 ರೂಪಾಯಿ. ಏಸಿಯ 200 ಯೂನಿಟ್‌ಗಳ ನೇರ ಬೆಲೆ ಇದರಲ್ಲಿ 1,336 ಮಾತ್ರ. ಉಳಿದ 1,300ರಷ್ಟು ಹಣ, ಏಸಿ ಇಲ್ಲದಿದ್ದರೆ ಉಚಿತವಾಗಿಯೇ ಇರುತ್ತಿದ್ದ ಫ್ಯಾನು, ಫ್ರಿಜ್ಜು, ಮಿಕ್ಸಿಗಳ ವಿದ್ಯುತ್ತಿಗೂ ನಿಗದಿತ ಶುಲ್ಕಕ್ಕೂ ತೆರಬೇಕಾದದ್ದು. ಹೀಗಾಗಿ ಈ ಮನೆಯ ಮಟ್ಟಿಗೆ ಇನ್ನೂರೊಂದನೆಯ ಯೂನಿಟ್ ಎಲ್ಲಕ್ಕಿಂತ ದುಬಾರಿ: ತಿಂಗಳ ಬಳಕೆ 200ಕ್ಕೆ ನಿಂತರೆ ಕೊಡಬೇಕಾದದ್ದು ಹೆಚ್ಚುವರಿ 68 ಯೂನಿಟ್‌ಗಳಿಗೆ ಸುಮಾರು 455 ರೂಪಾಯಿ, 201 ಆದರೆ ಸುಮಾರು 1,780. ಏಪ್ರಿಲ್ ಮತ್ತು ಮೇನಲ್ಲಿ ಈ ಗೆರೆಯನ್ನು ದಾಟದೆ ಮಲಗುವುದು ಸಾಧ್ಯವಿರಲಿಲ್ಲ, ಅದಕ್ಕಾಗಿ ಕಸಿವಿಸಿಗೊಳ್ಳುವುದೂ ವ್ಯರ್ಥ. ಆದರೆ ಮಾರ್ಚ್ ಮತ್ತು ಜೂನ್‌ಗಳಲ್ಲಿ, ರೀಡಿಂಗ್ ತೆಗೆಯುವ ದಿನಾಂಕವನ್ನು ನೆನಪಿಟ್ಟುಕೊಂಡು ವಾರಕ್ಕೊಮ್ಮೆ ಮೀಟರ್ ನೋಡಿದರೆ, ಹಲವು ರಾತ್ರಿ ಫ್ಯಾನಿನಲ್ಲಿಯೇ ಕಳೆದು ಸಾವಿರದ ಮೇಲೆ ಉಳಿಸುವ ಅವಕಾಶ ಇತ್ತು. ಮಾರ್ಚಿನಲ್ಲಿ ಅದು ಕೂದಲೆಳೆಯಲ್ಲಿ ಕೈಗೂಡಿತು.

ನಕ್ಷತ್ರಗಳ ಲೆಕ್ಕವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಇಂಧನ ದಕ್ಷತಾ ಬ್ಯೂರೋದ ಚೀಟಿಯಲ್ಲಿ ಐಎಸ್‌ಇಇಆರ್ ಎಂಬ ಸಂಖ್ಯೆ ಇರುತ್ತದೆ. ಒಂದು ಋತುವಿನುದ್ದಕ್ಕೂ ಯಂತ್ರ ಹೊರಹಾಕಿದ ಶಾಖವನ್ನು ಅದು ಬಳಸಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅಂಕಿ ಅದು. 2022ರ ಜುಲೈನಿಂದ ಜಾರಿಯಾದ ಕೋಷ್ಟಕದಲ್ಲಿ ಐದು ನಕ್ಷತ್ರಕ್ಕೆ ಅದು 5.0 ಮುಟ್ಟಬೇಕಿತ್ತು, ಮೂರು ನಕ್ಷತ್ರಕ್ಕೆ 3.8 ಸಾಕಿತ್ತು. ಚೀಟಿಯ ವಾರ್ಷಿಕ ಯೂನಿಟ್‌ಗಳು ವರ್ಷಕ್ಕೆ 1,600 ಗಂಟೆಯ ಬಳಕೆಯನ್ನು ಊಹಿಸಿ ಬರೆದವು. ರಾತ್ರಿ ಮಾತ್ರ ಓಡಿಸುವ ಈ ಮನೆಯ ಬಳಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಐದು ನಕ್ಷತ್ರದ ಯಂತ್ರ ಮೂರು ನಕ್ಷತ್ರದ್ದಕ್ಕಿಂತ ಒಂದು ಬೇಸಿಗೆಯಲ್ಲಿ ಉಳಿಸಿದ್ದು ಅಂದಾಜು ಸಾವಿರ ರೂಪಾಯಿಯ ಒಳಗೇ ಇರುತ್ತದೆ. ಸೋರುವ ನಟ್ಟಿನ ಒಂದು ತಿಂಗಳು ಆ ಉಳಿತಾಯದಲ್ಲಿ ದೊಡ್ಡ ಪಾಲನ್ನು ನುಂಗಿಹಾಕುತ್ತದೆ.

ಸದ್ದಿನ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಒಳಘಟಕ ಕಡಿಮೆ ವೇಗದಲ್ಲಿ ಸೀಲಿಂಗ್ ಫ್ಯಾನಿಗಿಂತ ಮೆತ್ತಗೆ ಓಡುತ್ತದೆ. ನಡುರಾತ್ರಿ ಆಗಾಗ ಕೇಳುವ ಟಕ್ ಎಂಬ ಸದ್ದು ತಂಪಿಗೆ ಕುಗ್ಗುವ ಪ್ಲಾಸ್ಟಿಕ್ಕಿನದು, ನಿಂತ ಮೇಲೆ ಕೇಳುವ ಹರಿಯುವ ನೀರಿನಂಥ ಸದ್ದು ಒತ್ತಡ ಸಮವಾಗುವಾಗ ಅನಿಲ ಹಾದುಹೋಗುವುದರದ್ದು, ಇವೆರಡೂ ದೋಷಗಳಲ್ಲ. ಕಾಡಿದ್ದು ಬೇರೆಯ ಸದ್ದು. ಹೊರಘಟಕದ ಸ್ಟ್ಯಾಂಡು ಮಾಳಿಗೆಯ ಕಾಂಕ್ರೀಟಿಗೆ ನೇರವಾಗಿ ಊರಿದ್ದರಿಂದ ಕಂಪ್ರೆಸರಿನ ನಡುಕ ಛಾವಣಿಯ ಮೂಲಕ ಕೆಳಗಿಳಿದು, ಕೋಣೆಯಲ್ಲಿ ದುಂಬಿಯ ಗುಂಯ್‌ಗುಡುವಿಕೆಯಾಗಿ ಕೇಳುತ್ತಿತ್ತು, ಅದೂ ಯಂತ್ರ ನಿಧಾನಕ್ಕಿಳಿದು ಒಂದು ನಿರ್ದಿಷ್ಟ ವೇಗ ತಲುಪಿದಾಗ ಮಾತ್ರ. ಘಟಕದ ಮೇಲೆ ಕೈಯಿಂದ ಗಟ್ಟಿಯಾಗಿ ಒತ್ತಿದಾಗ ಕೆಳಗಿನ ಸದ್ದು ಬದಲಾದರೆ, ಅದು ಗಾಳಿಯಲ್ಲಿ ಬರುವ ಸದ್ದಲ್ಲ, ಕಟ್ಟಡದಲ್ಲಿ ಹರಿಯುವ ನಡುಕ ಎಂದು ತಿಳಿಯಬಹುದು. ನಾಲ್ಕು ಕಾಲುಗಳ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇಟ್ಟದ್ದರಿಂದ ಗುಂಯ್‌ಗುಡುವಿಕೆ ಬಹುಪಾಲು ನಿಂತಿತು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಊರಿನಲ್ಲಿ, ಫ್ಯಾನಿನ ಮುಖವನ್ನು ಬಯಲಿಗೆ ತಿರುಗಿಸುವಾಗ ಪಕ್ಕದ ಮನೆಯವರು ಎಲ್ಲಿ ಮಲಗುತ್ತಾರೆಂಬುದನ್ನೂ ನೋಡಿಕೊಳ್ಳಬೇಕಾಯಿತೆಂಬುದು ಬೇರೆ ಮಾತು.

ಕೊನೆಯ ದೋಷ ಮೂರು ತಿಂಗಳು ಅಡಗಿದ್ದು ಜೂನಿನಲ್ಲಿ ಹೊರಬಂದಿತು. ಒಳಘಟಕದ ತಂಪು ಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿದು, ಕೆಳಗಿನ ತಟ್ಟೆಯಲ್ಲಿ ಸೇರಿ, ಕೊಳವೆಯ ಮೂಲಕ ಹೊರಗೆ ಹೋಗಬೇಕು. ಕಲಬುರಗಿಯ ಏಪ್ರಿಲ್ ಗಾಳಿ ಎಷ್ಟು ಒಣಗಿರುತ್ತದೆಂದರೆ ರಾತ್ರಿಯೆಲ್ಲ ಓಡಿದರೂ ನೀರಿನ ಕೊಳವೆಯಿಂದ ಒಂದು ಲೋಟ ಇಳಿಯುವುದೂ ಕಷ್ಟ. ನೀರು ಬರುತ್ತಿಲ್ಲವೆಂದು ಯಂತ್ರವನ್ನು ಶಂಕಿಸುವವರೂ ಇದ್ದಾರೆ, ಅದು ಅನಗತ್ಯ. ಮೊದಲ ಮಳೆ ಬಿದ್ದು ತೇವ ಏರಿದ ವಾರ, ಘಟಕದ ಎಡಮೂಲೆಯಿಂದ ಗೋಡೆಯ ಮೇಲೆ ನೀರು ಗೆರೆಯಾಗಿ ಇಳಿಯತೊಡಗಿತು. ಗೋಡೆಯಲ್ಲಿ ಕೊರೆದ ರಂಧ್ರ ಹೊರಗಿನ ಕಡೆಗೆ ಇಳಿಜಾರಾಗಿರುವ ಬದಲು ಅರ್ಧ ಇಂಚಿನಷ್ಟು ಒಳಗಿನ ಕಡೆಗೆ ವಾಲಿತ್ತು, ಹೊರಗಡೆ ಕೊಳವೆಯ ಒಂದು ತುಣುಕು ಮೇಲಕ್ಕೆ ಬಾಗಿ ನೀರನ್ನು ತಡೆದು ನಿಲ್ಲಿಸಿತ್ತು. ಅಳವಡಿಸಿದ ದಿನವೇ ಫಿಲ್ಟರ್ ತೆಗೆದು ಒಂದು ಲೀಟರ್ ನೀರನ್ನು ನಿಧಾನವಾಗಿ ತಟ್ಟೆಗೆ ಸುರಿದು, ಅದು ಪೂರ್ತಿಯಾಗಿ ಹೊರಗೆ ಇಳಿಯುತ್ತದೆಯೇ ಎಂದು ನೋಡಿದ್ದರೆ ಇದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಈಗ ಘಟಕವನ್ನು ಗೋಡೆಯಿಂದ ಇಳಿಸಿ, ರಂಧ್ರದ ಹೊರಅಂಚನ್ನು ಉಳಿಯಿಂದ ಕೆತ್ತಿ ತಗ್ಗಿಸಿ, ಕೊಳವೆಯನ್ನು ಒಂದೇ ಇಳಿಜಾರಿನಲ್ಲಿ ಹಾಯಿಸಿ, ಉಬ್ಬಿದ ಪುಟ್ಟಿಯನ್ನು ಕೆರೆದು ಗೋಡೆಗೆ ಮತ್ತೆ ಬಣ್ಣ ಬಳಿಯಬೇಕಾಯಿತು. ಘಟಕ ಇಳಿಸುವಾಗ ಅನಿಲವನ್ನು ಹೊರಘಟಕದಲ್ಲಿ ಕೂಡಿಟ್ಟು, ಮರಳಿ ಜೋಡಿಸಿದ ಮೇಲೆ ಪಂಪು ಓಡಿಸಿಯೇ ಕವಾಟ ತೆರೆಯುವಂತೆ ಮನೆಯವರು ಈ ಬಾರಿ ಪಕ್ಕದಲ್ಲಿಯೇ ನಿಂತು ನೋಡಿಕೊಂಡರು.